ತೂಕದ ಯಂತ್ರ ಹೇಳದ್ದನ್ನು ಟೇಪು ಹೇಳುತ್ತದೆ

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೊ ಪ್ರಕಟಿಸಿದರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ಮೈಯಲ್ಲಿ ಶೇಕಡ 21.2. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಎಷ್ಟೋ ಜನ. ಅಂಥವರಿಗೆ ತೂಕದ ಅಂಕಿಯೊಂದನ್ನೇ ನಂಬುವುದು ಸಾಲದು.

ತೂಕದ ಯಂತ್ರ ಕೊಬ್ಬು, ಸ್ನಾಯು, ನೀರು, ಹೊಟ್ಟೆಯೊಳಗಿನ ಊಟ ಎಲ್ಲವನ್ನೂ ಕೂಡಿಸಿಯೇ ತೋರಿಸುತ್ತದೆ. ಅನ್ನ, ಮುದ್ದೆ, ಸಿಹಿ ತಿಂದಾಗ ಅದರ ಒಂದು ಪಾಲು ಗ್ಲೈಕೋಜನ್ ಆಗಿ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಉಳಿಯುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಉಪ್ಪಿನಕಾಯಿ, ಹಪ್ಪಳ ಹೆಚ್ಚಾದರೂ ಮೈ ನೀರು ಹಿಡಿಯುತ್ತದೆ. ಅನೇಕ ಹೆಂಗಸರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಿಯೂ ಹೀಗಾಗುತ್ತದೆ. ಒಂದು ಕಿಲೊ ಕೊಬ್ಬು ಕೂಡಬೇಕಾದರೆ ಖರ್ಚಾಗುವುದಕ್ಕಿಂತ ಏಳು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿನ್ನಬೇಕು. ಹಾಗಾಗಿ ಮದುವೆ ಊಟದ ಮರುದಿನ ಕಾಣುವ ಒಂದು ಕಿಲೊ ಬಹುಪಾಲು ನೀರು ಮತ್ತು ಇನ್ನೂ ಜೀರ್ಣವಾಗದ ಊಟ.

ಇದಕ್ಕೆ ಬೇಕಾದ್ದು ದರ್ಜಿಯ ಟೇಪು. ಹಳೆಯ ಬಟ್ಟೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಒಮ್ಮೆ ಸ್ಕೇಲಿನ ಪಕ್ಕ ಇಟ್ಟು ನೋಡಿ. ಅಳೆಯುವ ಜಾಗದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಪ್ಯಾಂಟು ಕಟ್ಟುವ ಜಾಗ ಸೊಂಟದ ಸುತ್ತಳತೆಯಲ್ಲ. ಹೊಟ್ಟೆ ಬಂದ ಗಂಡಸರ ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುತ್ತದೆ, ಹೊಟ್ಟೆ ಎಷ್ಟೇ ಬೆಳೆದರೂ ಬೆಲ್ಟಿನ ತೂತು ಬದಲಾಗುವುದಿಲ್ಲ. ಪಕ್ಕದಲ್ಲಿ ಕೈಯಿಟ್ಟು ಕೊನೆಯ ಪಕ್ಕೆಲುಬು ಹುಡುಕಿ, ಆಮೇಲೆ ಸೊಂಟದ ಎಲುಬಿನ ಮೇಲಂಚು ಹುಡುಕಿ. ಎರಡರ ನಡುಮಧ್ಯದಲ್ಲಿ ಟೇಪು ಸುತ್ತಬೇಕು. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಬರಿಮೈಗೆ. ಬೆನ್ನ ಹಿಂದೆ ಟೇಪು ಕೆಳಗಿಳಿದಿದೆಯೇ ಎಂದು ಕನ್ನಡಿಯಲ್ಲಿ ನೋಡಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳತೆ ಓದಿ. ಹೊಟ್ಟೆ ಒಳಗೆಳೆಯಬೇಡಿ. ಎರಡು ಸಲ ಅಳೆದು ಒಂದು ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ. ವಾರಕ್ಕೊಮ್ಮೆ ಸಾಕು, ಅರ್ಧ ಸೆಂ.ಮೀ. ಏರಿಳಿತ ಕೈತಪ್ಪಿನದೂ ಇರಬಹುದು.

ಒಂದು ಉದಾಹರಣೆ ನೋಡೋಣ. ನಲವತ್ತೆರಡರ ಗೃಹಿಣಿಯೊಬ್ಬರು ಅನ್ನ ಕಡಿಮೆ ಮಾಡಿ, ಕಾಳು ಮೊಟ್ಟೆ ಹೆಚ್ಚಿಸಿ, ಮನೆಯಲ್ಲೇ ಭಾರ ಎತ್ತುವ ವ್ಯಾಯಾಮ ಶುರು ಮಾಡಿದ್ದಾರೆ ಎಂದುಕೊಳ್ಳಿ. ಮೊದಲ ದಿನ ತೂಕ 68 ಕಿಲೊ, ಸುತ್ತಳತೆ 94 ಸೆಂ.ಮೀ. ಎರಡನೆಯ ವಾರ ತೂಕ 68.6. ಇಲ್ಲಿಯೇ ಅನೇಕರು ಕೈಚೆಲ್ಲುವುದು. ಟೇಪು ಮಾತ್ರ 93 ಎನ್ನುತ್ತದೆ. ಎಂಟನೆಯ ವಾರ ತೂಕ 67, ಸುತ್ತಳತೆ 90. ತೂಕದಲ್ಲಿ ಒಂದೇ ಕಿಲೊ, ಸುತ್ತಳತೆಯಲ್ಲಿ ನಾಲ್ಕು ಸೆಂ.ಮೀ.: ಕೊಬ್ಬು ಇಳಿದು, ಆ ಜಾಗದಲ್ಲಿ ಒಂದಿಷ್ಟು ಸ್ನಾಯು ಕೂಡಿರಬೇಕು. ಭಾರತೀಯ ಹೆಂಗಸರಿಗೆ ವೈದ್ಯರು ಹೇಳುವ ಮಿತಿ 80, ಗಂಡಸರಿಗೆ 90. ಆಕೆಗೆ ದಾರಿ ಇನ್ನೂ ಇದೆ, ಆದರೆ ನಡೆಯುತ್ತಿರುವ ದಿಕ್ಕು ಸರಿಯಾಗಿದೆ. ಇದಕ್ಕೆ ತದ್ವಿರುದ್ಧವೂ ಆಗಬಹುದು. ಉಪವಾಸ ಮಾಡಿ ತೂಕ ಬೇಗ ಇಳಿದು, ಸುತ್ತಳತೆ ಹಾಗೇ ಉಳಿದು, ಬಿಂದಿಗೆ ಎತ್ತಲೂ ಸುಸ್ತಾದರೆ ಕೊಬ್ಬಿಗಿಂತ ಸ್ನಾಯು ಕರಗುತ್ತಿರುವ ಸಾಧ್ಯತೆ ಹೆಚ್ಚು. ಆಗ ಪ್ರೋಟೀನು, ವ್ಯಾಯಾಮ ಎರಡನ್ನೂ ನೋಡಿಕೊಳ್ಳಬೇಕು.

ಫೋಟೊ ನಾಲ್ಕು ವಾರಕ್ಕೊಮ್ಮೆ ಸಾಕು. ಮೊಬೈಲನ್ನು ಹೊಕ್ಕಳ ಎತ್ತರದ ಸ್ಟೂಲಿನ ಮೇಲಿಟ್ಟು, ಟೈಮರ್ ಹಾಕಿ, ಸುಮಾರು ಎರಡು ಮೀಟರ್ ದೂರ ನಿಲ್ಲಿ. ಹತ್ತಿರದಿಂದ ತೆಗೆದರೆ ಆಕಾರ ತಿರುಚಿಕೊಳ್ಳುತ್ತದೆ. ಮುಂದೆ, ಪಕ್ಕ, ಹಿಂದೆ. ಅದೇ ಬಟ್ಟೆ, ಅದೇ ಕಿಟಕಿಯ ಬೆಳಕು. ಪಕ್ಕದಿಂದ ತೆಗೆದದ್ದೇ ಹೆಚ್ಚು ಹೇಳುತ್ತದೆ. ಇವನ್ನು ಯಾರಿಗೂ ಕಳಿಸದೆ ಲಾಕ್ ಇರುವ ಫೋಲ್ಡರಿನಲ್ಲಿಡಿ.

ಬಟ್ಟೆಯ ವಿಷಯದಲ್ಲಿ ಸೀರೆ, ಲಾಡಿ ಕಟ್ಟುವ ಲಂಗ, ಎಲಾಸ್ಟಿಕ್ ಪ್ಯಾಂಟು ಯಾವುದೂ ಸಾಕ್ಷಿಯಾಗುವುದಿಲ್ಲ, ಏಕೆಂದರೆ ಮೈ ಹೇಗಿದ್ದರೂ ಅವು ಹೊಂದಿಕೊಳ್ಳುತ್ತವೆ. ಹಿಗ್ಗದ ಬಟ್ಟೆಯ ಒಂದು ಪ್ಯಾಂಟನ್ನು ಇದಕ್ಕೆಂದೇ ತೆಗೆದಿಟ್ಟು, ಒಗೆದ ಮೇಲೆ ಮೊದಲ ಸಲ ಹಾಕುವಾಗ ಗುಂಡಿ ಹೇಗೆ ಕೂರುತ್ತದೆ ಎಂದು ನೋಡಬೇಕು. ರವಿಕೆ ಎದೆ ಮತ್ತು ತೋಳಿನ ಸುದ್ದಿ ಹೇಳುತ್ತದೆ, ಹೊಟ್ಟೆಯದಲ್ಲ. ಕೆಲವು ಹೆಂಗಸರಲ್ಲಿ ಕೊಬ್ಬು ಮೊದಲು ತೊಡೆ, ಪೃಷ್ಠದಿಂದ ಇಳಿಯುವುದರಿಂದ ಅಲ್ಲಿಯೂ ಒಂದು ಅಳತೆ ತೆಗೆದಿಡುವುದು ಒಳ್ಳೆಯದು.

ಟೇಪಿಗೂ ಮಿತಿಯಿದೆ. ಹೊಟ್ಟೆ ಉಬ್ಬರ, ಮಲಬದ್ಧತೆ, ಮುಟ್ಟಿನ ದಿನಗಳಲ್ಲಿ ಅದೂ ಹೆಚ್ಚು ತೋರಿಸುತ್ತದೆ. ಆ ವಾರ ಬಿಟ್ಟು ಮುಂದಿನ ವಾರ ಅಳೆಯಿರಿ. ಆದರೆ ಕೈಕಾಲು ಬಡಕಲಾಗುತ್ತಾ ಹೊಟ್ಟೆಯೊಂದೇ ವಾರದಿಂದ ವಾರಕ್ಕೆ ಬಿಗಿದು ಬೆಳೆಯುತ್ತಿದ್ದರೆ ಅದು ಬೊಜ್ಜಲ್ಲದೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿರುವ ಲಕ್ಷಣವಿರಬಹುದು. ಆಗ ಡಯಟ್ ಬದಲಿಸುತ್ತ ಕೂರದೆ, ಬರೆದಿಟ್ಟ ಅಳತೆಗಳ ಚೀಟಿ ಹಿಡಿದು ವೈದ್ಯರ ಬಳಿ ಹೋಗಬೇಕು.