ಮೂರು ರೆಸಿಸ್ಟರ್, ನಾಲ್ಕು ಅಳತೆ

ಒಂದು ಮುಚ್ಚಿದ ಪೆಟ್ಟಿಗೆ. ಎಡಬದಿಯಲ್ಲಿ ಎರಡು ತಂತಿ, ಬಲಬದಿಯಲ್ಲಿ ಎರಡು ತಂತಿ ಹೊರಗೆ ಬಂದಿವೆ. ಮುಚ್ಚಳ ತೆಗೆಯುವಂತಿಲ್ಲ. ಆದರೂ ಎಡಕ್ಕೆ ಇಷ್ಟು ವೋಲ್ಟ್ ಕೊಟ್ಟರೆ ಬಲಕ್ಕೆ ಎಷ್ಟು ಸಿಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳಬೇಕು. ಎಲೆಕ್ಟ್ರಿಕಲ್ ಎಂಜಿನಿಯರ್‌ಗಳು ಇಂಥ ಪೆಟ್ಟಿಗೆಯನ್ನು ಟೂ-ಪೋರ್ಟ್ ನೆಟ್‌ವರ್ಕ್ ಎನ್ನುತ್ತಾರೆ. ಒಂದೊಂದು ಜೋಡಿ ತಂತಿಯೂ ಒಂದೊಂದು ಪೋರ್ಟ್.

ಪೆಟ್ಟಿಗೆಯ ನಡವಳಿಕೆಯೆಲ್ಲ ಎರಡು ಸಮೀಕರಣಗಳಲ್ಲಿ ಅಡಗುತ್ತದೆ:

V1 = Z11·I1 + Z12·I2
V2 = Z21·I1 + Z22·I2

V ಎಂದರೆ ಪೋರ್ಟಿನ ವೋಲ್ಟೇಜ್, I ಎಂದರೆ ಆ ಪೋರ್ಟಿನ ಮೂಲಕ ಒಳಗೆ ಹೋಗುವ ಕರೆಂಟ್. ನಾಲ್ಕು Z ಬೆಲೆಗಳೇ ಇಂಪೀಡೆನ್ಸ್ ಪ್ಯಾರಾಮೀಟರ್‌ಗಳು. ಎರಡೂ ಬದಿಯಿಂದ ಕರೆಂಟ್ ಹರಿಯುತ್ತಿದ್ದರೆ ಪ್ರತಿ ವೋಲ್ಟೇಜಿನಲ್ಲೂ ಎರಡರ ಪಾಲು ಬೆರೆತಿರುತ್ತದೆ. ಯಾವುದು ಯಾರದ್ದೆಂದು ತಿಳಿಯುವುದಿಲ್ಲ. ಇದಕ್ಕೆ ಉಪಾಯ ಸುಲಭ. ಬಲಗಡೆಯ ಪೋರ್ಟಿಗೆ ಏನನ್ನೂ ಜೋಡಿಸದೆ ಬಿಟ್ಟರೆ I2 ಸೊನ್ನೆಯಾಗುತ್ತದೆ, ಅದರ ಪಾಲು ತಾನಾಗಿ ಅಳಿಸಿಹೋಗುತ್ತದೆ. ಇದೇ ಓಪನ್ ಸರ್ಕ್ಯೂಟ್ ಪರೀಕ್ಷೆ.

ಪೆಟ್ಟಿಗೆಯೊಳಗೆ ಇಂಗ್ಲಿಷಿನ T ಅಕ್ಷರದ ಆಕಾರದಲ್ಲಿ ಮೂರು ರೆಸಿಸ್ಟರ್‌ಗಳಿವೆ ಎನ್ನೋಣ. ಎಡ ತೋಳು 2 ಕಿಲೋ ಓಮ್, ಬಲ ತೋಳು 1 ಕಿಲೋ ಓಮ್, ನಡುವಿನ ಕಂಬ 3 ಕಿಲೋ ಓಮ್. ಕಂಬದ ಬುಡ ಎರಡೂ ಪೋರ್ಟುಗಳಿಗೆ ಸಾಮಾನ್ಯವಾದ ತಂತಿಗೆ ಸೇರಿದೆ.

ಮೊದಲು ಎಡಕ್ಕೆ 10 ವೋಲ್ಟ್ ಕೊಟ್ಟು ಬಲವನ್ನು ಖಾಲಿ ಬಿಡೋಣ. ಕರೆಂಟಿಗೆ ಇರುವುದು ಒಂದೇ ದಾರಿ: ಎಡ ತೋಳಿನಿಂದ ಕಂಬಕ್ಕೆ. ಒಟ್ಟು 5 ಕಿಲೋ ಓಮ್ ಆದ್ದರಿಂದ 2 ಮಿಲಿ ಆಂಪಿಯರ್ ಹರಿಯುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ Z11 = 5 ಕಿಲೋ ಓಮ್. ಈಗ ಬಲ ಪೋರ್ಟಿನಲ್ಲಿ ವೋಲ್ಟ್‌ಮೀಟರ್ ಹಿಡಿದರೆ 6 ವೋಲ್ಟ್ ತೋರಿಸುತ್ತದೆ. ಬಲ ತೋಳಿನಲ್ಲಿ ಕರೆಂಟೇ ಇಲ್ಲ, ಹಾಗಾಗಿ ಅಲ್ಲಿ ವೋಲ್ಟೇಜ್ ಇಳಿಯುವುದೂ ಇಲ್ಲ. ಮೀಟರ್ ಕಾಣುವುದು ಕಂಬದ ಮೇಲಿನ ವೋಲ್ಟೇಜನ್ನೇ. ಆ 6 ವೋಲ್ಟನ್ನು 2 ಮಿಲಿ ಆಂಪಿಯರ್‌ನಿಂದ ಭಾಗಿಸಿದರೆ Z21 = 3 ಕಿಲೋ ಓಮ್. ಅದು ಕಂಬದ ಬೆಲೆಯೇ.

ಇನ್ನು ಬದಿ ಬದಲಿಸೋಣ. ಬಲಕ್ಕೆ 10 ವೋಲ್ಟ್, ಎಡ ಖಾಲಿ. ದಾರಿಯಲ್ಲಿ ಬಲ ತೋಳು ಮತ್ತು ಕಂಬ, ಒಟ್ಟು 4 ಕಿಲೋ ಓಮ್, ಕರೆಂಟ್ 2.5 ಮಿಲಿ ಆಂಪಿಯರ್. ಆದ್ದರಿಂದ Z22 = 4 ಕಿಲೋ ಓಮ್. ಎಡ ಪೋರ್ಟಿನಲ್ಲಿ 7.5 ವೋಲ್ಟ್ ಸಿಗುತ್ತದೆ. ಭಾಗಿಸಿದರೆ Z12 ಕೂಡ 3 ಕಿಲೋ ಓಮ್.

ಇನ್ನು ಪೆಟ್ಟಿಗೆ ತೆರೆಯದೆಯೇ ಒಳಗಿನ ಬೆಲೆಗಳನ್ನು ಹೇಳಬಹುದು. ಕಂಬ 3. ಎಡ ತೋಳು 5ರಲ್ಲಿ 3 ಕಳೆದು 2. ಬಲ ತೋಳು 4ರಲ್ಲಿ 3 ಕಳೆದು 1.

ಈ ಬೆಲೆಗಳು ನಿಜಕ್ಕೂ ಕೆಲಸಕ್ಕೆ ಬರುತ್ತವೆಯೇ ಎಂದು ನೋಡಲು ಬಲ ಪೋರ್ಟಿಗೆ 2 ಕಿಲೋ ಓಮ್ ಲೋಡ್ ಜೋಡಿಸಿ ಎಡಕ್ಕೆ 7 ವೋಲ್ಟ್ ಕೊಡೋಣ. ಲೆಕ್ಕದ ಪ್ರಕಾರ ಎಡದಿಂದ 2 ಮಿಲಿ ಆಂಪಿಯರ್ ಒಳಗೆ ಹೋಗುತ್ತದೆ, ಬಲದಿಂದ 1 ಮಿಲಿ ಆಂಪಿಯರ್ ಹೊರಗೆ ಬಂದು ಲೋಡಿನಲ್ಲಿ ಹರಿಯುತ್ತದೆ. ಹೊರಗೆ ಬರುವ ಕರೆಂಟ್ ಆದ್ದರಿಂದ ಸಮೀಕರಣದಲ್ಲಿ I2 ಮೈನಸ್ 1. ಆಗ V2 ಎಂದರೆ 6ರಲ್ಲಿ 4 ಕಳೆದು 2 ವೋಲ್ಟ್. ಆ ಮೈನಸ್ ಮರೆತರೆ 10 ವೋಲ್ಟ್ ಬರುತ್ತದೆ. ಕೊಟ್ಟದ್ದು 7, ಬಂದದ್ದು 10 ಎಂದರೆ ಬರೀ ರೆಸಿಸ್ಟರ್‌ಗಳಿಂದ ಆಗದ ಮಾತು. ಚಿಹ್ನೆ ತಪ್ಪಿದೆ ಎಂದು ಅಲ್ಲೇ ತಿಳಿಯಬೇಕು.

ಈಗ ಒಂದು ಪ್ರಶ್ನೆ. ಒಳಗಿರುವುದು ಮೂರೇ ಬೆಲೆ. ಅವನ್ನು ಕಂಡುಹಿಡಿಯಲು Z11, Z22, Z21 ಸಾಕು. Z12 ಅನ್ನು ಮತ್ತೆ ಏಕೆ ಅಳೆಯಬೇಕು? ಲ್ಯಾಬಿನಲ್ಲಿ ಅನೇಕರು ಅಳೆಯುವುದೇ ಇಲ್ಲ. ಎರಡೂ ಸಮವೆಂದು ಪುಸ್ತಕ ಹೇಳುತ್ತದಲ್ಲ ಎಂದು ಅದೇ ಸಂಖ್ಯೆಯನ್ನು ಬರೆದುಬಿಡುತ್ತಾರೆ. ಆದರೆ ಉಳಿದ ಮೂರು ಅಳತೆಗಳಿಗೆ ಸಾಕ್ಷಿ ಹೇಳುವುದು ಈ ನಾಲ್ಕನೆಯದೇ.

ವೋಲ್ಟ್‌ಮೀಟರನ್ನು ತಗುಲಿಸಿದ ಮೇಲೆ ಪೋರ್ಟ್ ಪೂರ್ತಿ ಖಾಲಿ ಅಲ್ಲ. ಮೀಟರೂ ಒಂದಿಷ್ಟು ಕರೆಂಟ್ ಎಳೆಯುತ್ತದೆ. ಇಂದಿನ ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸುಮಾರು 10 ಮೆಗಾ ಓಮ್. ನಮ್ಮ ಕಿಲೋ ಓಮ್‌ಗಳ ಮುಂದೆ ಅದು ಖಾಲಿ ಬಿಟ್ಟಂತೆಯೇ. ಆದರೆ ವೋಲ್ಟಿಗೆ 1,000 ಓಮ್ ದರ್ಜೆಯ ಹಳೆಯ ಮುಳ್ಳಿನ ಮೀಟರನ್ನು 10 ವೋಲ್ಟ್ ಶ್ರೇಣಿಯಲ್ಲಿ ಇಟ್ಟರೆ ಅದರ ಒಳರೋಧ 10 ಕಿಲೋ ಓಮ್ ಮಾತ್ರ. ಆಗ ಮೊದಲ ಪರೀಕ್ಷೆಯಲ್ಲಿ 6 ವೋಲ್ಟಿನ ಬದಲು ಸುಮಾರು 4.9 ವೋಲ್ಟ್ ಕಾಣುತ್ತದೆ, ಎಡದ ಕರೆಂಟ್ ಸುಮಾರು 2.3 ಮಿಲಿ ಆಂಪಿಯರ್‌ಗೆ ಏರುತ್ತದೆ. ಭಾಗಿಸಿದರೆ Z21 ಬರುವುದು 2.14 ಕಿಲೋ ಓಮ್. ಮೂರೇ ಅಳತೆಗೆ ನಿಲ್ಲಿಸಿದವರು ಇದನ್ನೇ ಕಂಬದ ಬೆಲೆ ಎಂದು ನಂಬುತ್ತಾರೆ. ಅದೇ ಮೀಟರಿನಿಂದ ಎದುರು ದಿಕ್ಕಿನಲ್ಲಿ ಅಳೆದರೆ Z12 ಬರುವುದು 2.00. ಎರಡೂ ಸಮವಾಗಬೇಕಿತ್ತು, ಆಗಲಿಲ್ಲ. ಅಳತೆಯಲ್ಲಿ ದೋಷವಿದೆ ಎಂದು ಸಂಖ್ಯೆಗಳೇ ಹೇಳಿದವು.

ಈ ಸಾಕ್ಷಿಗೂ ಮಿತಿಗಳಿವೆ. ಎರಡು ತೋಳುಗಳೂ ಸಮನಾಗಿದ್ದರೆ ಮೀಟರಿನ ದೋಷ ಎರಡೂ ದಿಕ್ಕಿನಲ್ಲಿ ಒಂದೇ ಆಗಿ, ತಪ್ಪು ಬೆಲೆಗಳೇ ಪರಸ್ಪರ ಹೊಂದಿಕೊಳ್ಳುತ್ತವೆ. ಅಂಥಲ್ಲಿ ಒಳರೋಧ ಹೆಚ್ಚಿರುವ ಇನ್ನೊಂದು ಮೀಟರಿನಿಂದ ಅಳೆದು ನೋಡಬೇಕು. ಪೆಟ್ಟಿಗೆಯಲ್ಲಿ ಟ್ರಾನ್ಸಿಸ್ಟರ್ ಇದ್ದರಂತೂ Z12 ಮತ್ತು Z21 ಬೇರೆಯಾಗುವುದೇ ಸಹಜ. ಅದನ್ನು ಮೂರು ರೆಸಿಸ್ಟರ್‌ಗಳ T ಆಗಿ ಬರೆಯಲು ಬರುವುದಿಲ್ಲ. ಕಾಯಿಲ್ ಅಥವಾ ಕೆಪ್ಯಾಸಿಟರ್ ಇದ್ದರೆ ಎ.ಸಿ.ಯಲ್ಲಿ ಅಳೆಯಬೇಕು, ವೋಲ್ಟೇಜ್ ಮತ್ತು ಕರೆಂಟಿನ ನಡುವಿನ ಫೇಸ್ ಕೋನವನ್ನೂ ಗುರುತಿಸಬೇಕು. ಒಂದು ಫ್ರೀಕ್ವೆನ್ಸಿಯಲ್ಲಿ ಸಿಕ್ಕ ಬೆಲೆ ಇನ್ನೊಂದಕ್ಕೆ ಹೊಂದದು.

ಟ್ರಾನ್ಸ್‌ಫಾರ್ಮರ್‌ನಲ್ಲಿ ತೊಡಕು ಬೇರೆ ಬಗೆಯದು. ಅದರ T ರೂಪದಲ್ಲಿ ಕಂಬ ಬಹಳ ದೊಡ್ಡದು, ತೋಳುಗಳು ಬಹಳ ಸಣ್ಣವು. ಕಂಬ 1,000 ಓಮ್, ತೋಳು 1 ಓಮ್ ಎಂದುಕೊಂಡರೆ Z11 ಆಗುವುದು 1,001. ಶೇಕಡಾ 1ರಷ್ಟು ತಪ್ಪುವ ಮೀಟರಿನಲ್ಲಿ ಇದು 10 ಓಮ್ ಆಚೀಚೆ ಆಗಬಹುದು. ಅದರಲ್ಲಿ 1,000 ಕಳೆದು ತೋಳನ್ನು ಹುಡುಕುವುದು ವ್ಯರ್ಥ. ಅದಕ್ಕೇ ಟ್ರಾನ್ಸ್‌ಫಾರ್ಮರಿಗೆ ಓಪನ್ ಸರ್ಕ್ಯೂಟ್ ಪರೀಕ್ಷೆಯ ಜೊತೆಗೆ ಶಾರ್ಟ್ ಸರ್ಕ್ಯೂಟ್ ಪರೀಕ್ಷೆಯನ್ನೂ ಮಾಡುತ್ತಾರೆ.

ಲ್ಯಾಬಿನಲ್ಲಿ ಈ ಪ್ರಯೋಗ ಮಾಡುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. Z21 ಸಿಕ್ಕಿತೆಂದು Z12ರ ಜಾಗದಲ್ಲಿ ಅದನ್ನೇ ನಕಲು ಮಾಡಬೇಡಿ. ತಂತಿ ಬದಲಿಸಿ, ಎದುರು ದಿಕ್ಕಿನಲ್ಲಿ ಅಳೆದು, ಬಂದದ್ದನ್ನೇ ಬರೆಯಿರಿ. ಎರಡೂ ಹೊಂದದಿದ್ದರೆ ರೆಸಿಸ್ಟರುಗಳನ್ನು ದೂರುವ ಮೊದಲು ಮೀಟರಿನ ಒಳರೋಧವನ್ನು ನೋಡಿ.