ಒಂದೇ ಮಸಾಲೆ, ಎರಡು ಪಾತ್ರೆ

ಬೆಂಗಳೂರಿನ ಮನೆಯೊಂದರಲ್ಲಿ ಭಾನುವಾರ ಹನ್ನೆರಡು ಮಂದಿಗೆ ಊಟ ಎಂದುಕೊಳ್ಳಿ. ಅವರಲ್ಲಿ ಮೂವರು ವೀಗನ್. ಮಾಂಸ, ಮೊಟ್ಟೆ ಇರಲಿ, ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಮುಟ್ಟದವರು. ಒಬ್ಬರಿಗೆ ಕಡಲೆಕಾಯಿ ಅಲರ್ಜಿ. ಉಳಿದವರಿಗೆ ಕೋಳಿಸಾರಿಲ್ಲದೆ ಭಾನುವಾರ ಕಳೆಯುವುದಿಲ್ಲ. ಮನೆಯವರಿಗೆ ಮೊದಲು ಹೊಳೆಯುವುದು ಮೂರು ಬಗೆಯ ಅಡುಗೆ. ಅದರಲ್ಲಿ ದಣಿವಷ್ಟೇ ಅಲ್ಲ, ಅಪಾಯವೂ ಇದೆ. ಒಲೆಯ ಮೇಲೆ ಪಾತ್ರೆ ಹೆಚ್ಚಿದಷ್ಟೂ ಸೌಟುಗಳು ಅದಲುಬದಲಾಗುತ್ತವೆ.

ಇಲ್ಲಿ ನಿಜವಾದ ತಿಕ್ಕಾಟ ಕೋಳಿಗೂ ಸೊಪ್ಪಿಗೂ ಅಲ್ಲ. ತುಪ್ಪ, ಮೊಸರು ಬೇಡವೆಂದ ತಕ್ಷಣ ನಮ್ಮ ಅಡುಗೆಮನೆಯ ಕೈ ತಾನಾಗಿ ಹೋಗುವುದು ಕಡಲೆಕಾಯಿಯ ಡಬ್ಬಿಗೆ. ಚಿತ್ರಾನ್ನ, ಪುಳಿಯೋಗರೆ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಎಲ್ಲವೂ ವೀಗನ್ನರಿಗೆ ಸಲ್ಲುತ್ತವೆ. ಅಷ್ಟೇಕೆ, ವೀಗನ್ ಮನೆಗಳಲ್ಲಿ ಮೊಸರನ್ನೇ ಕಡಲೆಕಾಯಿ ಹಾಲಿನಿಂದ ಹೆಪ್ಪು ಹಾಕುವುದುಂಟು. ಮೂವರಿಗೆ ಸಲ್ಲುವ ತಟ್ಟೆ ನಾಲ್ಕನೆಯವರನ್ನು ಆಸ್ಪತ್ರೆಗೆ ಕಳಿಸಬಹುದು.

‘ಕಾಳು ಆಯ್ದು ಬದಿಗಿಟ್ಟರೆ ಆಯಿತಲ್ಲ’ ಎನ್ನುವವರಿದ್ದಾರೆ. ಆಗುವುದಿಲ್ಲ. ಅಲರ್ಜಿ ಕಡಲೆಕಾಯಿಯ ಪ್ರೋಟೀನಿಗೆ. ಅದು ಒಗ್ಗರಣೆಯ ಎಣ್ಣೆಯಲ್ಲೂ ಅನ್ನದಲ್ಲೂ ಬೆರೆತಿರುತ್ತದೆ. ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿಯೂ ಪ್ರೋಟೀನಿನ ಅಂಶ ಉಳಿದಿರುತ್ತದೆ. ಪೂರ್ತಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ತೀರ ಕಡಿಮೆಯಾದರೂ, ಅತಿಥಿ ಬಂದ ದಿನ ಅದನ್ನು ಪರೀಕ್ಷಿಸಲು ಹೋಗುವುದು ಬೇಡ.

ಹಾಗಾದರೆ ಹಾಲೂ ಕಡಲೆಕಾಯಿಯೂ ಇಲ್ಲದೆ ಸಾರಿಗೆ ಗಟ್ಟಿತನ ತರುವುದು ಹೇಗೆ? ಕರಾವಳಿಯವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ಅಲ್ಲಿ ಆ ಕೆಲಸವನ್ನು ತೆಂಗಿನಕಾಯಿ ಮಾಡುತ್ತದೆ. ಮಂಗಳೂರು ಕಡೆಯ ಗಸಿಗೆ ಕೋಳಿಯೂ ಆಗುತ್ತದೆ, ಕಡಲೆಕಾಳೂ ಆಗುತ್ತದೆ; ಮಸಾಲೆ ಹೆಚ್ಚುಕಡಿಮೆ ಒಂದೇ. ಜೊತೆಗೆ ನೀರುದೋಸೆ: ಅಕ್ಕಿ, ನೀರು, ಉಪ್ಪು, ಬೇಕಿದ್ದರೆ ಒಂದು ಹಿಡಿ ಕಾಯಿತುರಿ. ಕಾವಲಿಗೆ ತುಪ್ಪದ ಬದಲು ತೆಂಗಿನೆಣ್ಣೆ ಸವರಿದರೆ ಎಲ್ಲರಿಗೂ ಸಲ್ಲುತ್ತದೆ. ತಲೆಗೆ ನಾಲ್ಕರಂತೆ ಹಿಡಿದರೆ ಮುಕ್ಕಾಲು ಕೆ.ಜಿ. ಅಕ್ಕಿ ನೆನೆಹಾಕಿದರೆ ಸಾಕು. ಅರ್ಧ ಕೆ.ಜಿ. ಕಪ್ಪು ಕಡಲೆಕಾಳನ್ನು ಹಿಂದಿನ ರಾತ್ರಿಯೇ ನೆನೆಸಿಡಬೇಕು. ಕಡಲೆಗಸಿಯನ್ನು ಕೋಳಿ ತಿನ್ನುವವರೂ ಬಿಡುವುದಿಲ್ಲವಾದ್ದರಿಂದ ಕೋಳಿ ಒಂದೂವರೆ ಕೆ.ಜಿ. ಇದ್ದರೆ ಸಾಲುತ್ತದೆ.

ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸನ್ನು ತೆಂಗಿನೆಣ್ಣೆಯಲ್ಲೇ ಹುರಿದು, ಬೆಳ್ಳುಳ್ಳಿ, ಹುಣಸೆ, ಅರಿಸಿನ, ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಬೇಕು. ಕೋಳಿಯ ಹತ್ತಿರ ಹೋಗುವ ಮೊದಲೇ ಈ ಮಸಾಲೆ ಎರಡು ಪಾಲಾಗಲಿ. ಮೊದಲು ಕಡಲೆಗಸಿ ಕುದಿಸಿ ಮುಚ್ಚಿ ದೂರವಿಟ್ಟು, ಆಮೇಲೆ ಕೋಳಿಯನ್ನು ಕೈಗೆತ್ತಿಕೊಳ್ಳುವುದು ಜಾಣತನ. ಎರಡಕ್ಕೂ ದಪ್ಪ ಕಾಯಿಹಾಲು ಬೀಳುವುದು ಕೊನೆಗೆ, ಸಣ್ಣ ಉರಿಯಲ್ಲಿ, ಮರಳಿಸಿದರೆ ಒಡೆಯುತ್ತದೆ. ಬಡಿಸುವಾಗಲೂ ಪ್ರತಿ ಪಾತ್ರೆಗೆ ಅದರದ್ದೇ ಸೌಟು.

ಮಿಕ್ಸಿ ಜಾರನ್ನು ನಂಬುವಂತಿಲ್ಲ. ವಾರದ ಹಿಂದೆ ಶೇಂಗಾ ಚಟ್ನಿ ರುಬ್ಬಿದ್ದರೆ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಅದರ ಪುಡಿ ಕೂತಿರುತ್ತದೆ. ರಬ್ಬರ್ ಬಿಚ್ಚಿ ಸೋಪುನೀರಿನಲ್ಲಿ ಉಜ್ಜಿ ತೊಳೆಯಬೇಕು. ಕೈಗೂ ಸೋಪೇ ಆಗಬೇಕು. ಸ್ಯಾನಿಟೈಸರ್ ರೋಗಾಣುಗಳನ್ನು ಕೊಂದೀತು, ಈ ಪ್ರೋಟೀನನ್ನು ತೆಗೆಯದು.

ಪೊಟ್ಟಣದ ಮಸಾಲೆಪುಡಿ, ಹಪ್ಪಳ ತಂದಿದ್ದರೆ ಅದರ ಮೇಲಿನ ಸಣ್ಣಕ್ಷರಗಳನ್ನು ಓದಲೇಬೇಕು. ಕಡಲೆಕಾಯಿ, ಹಾಲು ಇದ್ದರೆ ತಿಳಿಸಬೇಕೆಂದು ಆಹಾರ ಸುರಕ್ಷತಾ ನಿಯಮವೇ ಇದೆ. ಅಂಗಡಿಯಲ್ಲಿ ತೂಗಿಕೊಡುವ ಖಾರಾ ಮಿಕ್ಸ್ಚರಿಗೆ ಆ ಚೀಟಿಯೂ ಇರದು. ಹೀಗೆ ಜಾಗ್ರತೆ ಮಾಡಿದ ಮನೆಗೆ ಯಾರೋ ಪ್ರೀತಿಯಿಂದ ಚಿಕ್ಕಿಯನ್ನೋ ಕಾಂಗ್ರೆಸ್ ಕಡಲೆಕಾಯಿಯನ್ನೋ ಹೊತ್ತು ಬರುತ್ತಾರೆ. ಬರುವವರಿಗೆಲ್ಲ ಮೊದಲೇ ಒಂದು ಮಾತು ಹೇಳಿಬಿಡುವುದು ಮೇಲು. ಅಲರ್ಜಿ ಇರುವವರನ್ನೂ ಕೇಳಬೇಕು: ಗೋಡಂಬಿ ಆಗುತ್ತದೆಯೇ, ಬೇರೆ ಕಾಳು ಒಗ್ಗುತ್ತವೆಯೇ? ಕೆಲವರಿಗೆ ಅವೂ ಆಗುವುದಿಲ್ಲ.

ಅವರ ಅಡ್ರಿನಲಿನ್ ಚುಚ್ಚುಮದ್ದು ಯಾವ ಚೀಲದಲ್ಲಿದೆ ಎಂಬುದು ಮನೆಯವರಿಗೂ ಗೊತ್ತಿರಲಿ. ತುಟಿ ಊದಿ, ಮೈಮೇಲೆ ಗಂಧೆ ಎದ್ದು, ಜೊತೆಗೆ ಉಬ್ಬಸ, ಗಂಟಲು ಬಿಗಿತ ಅಥವಾ ತಲೆಸುತ್ತು ಕಂಡರೆ ಅಲರ್ಜಿ ಮಾತ್ರೆ ನುಂಗಿಸಿ ಕಾಯುವುದಲ್ಲ. ಆ ಚುಚ್ಚುಮದ್ದನ್ನು ತೊಡೆಗೆ ಕೊಡಬೇಕು, 108ಕ್ಕೆ ಕರೆ ಮಾಡಬೇಕು.

ಸಿಹಿಗೆ ಹೆಸರುಬೇಳೆ ಪಾಯಸ: ಬೆಲ್ಲ, ಕಾಯಿಹಾಲು, ಏಲಕ್ಕಿ. ಗೋಡಂಬಿ ಬೇಡ, ತೆಂಗಿನ ಚೂರುಗಳನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು ಹಾಕಿದರಾಯಿತು. ಊಟದ ಕೊನೆಗೆ ಮಜ್ಜಿಗೆ ಕೇಳುವವರಿಗೆ ಪುನರ್ಪುಳಿ ಸಾರು ಇದೆ. ಒಣಗಿದ ಸಿಪ್ಪೆಯನ್ನು ನೆನೆಸಿ, ಬೆಲ್ಲ, ಉಪ್ಪು, ಹಸಿಮೆಣಸು ಹಾಕಿ ಕುದಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಹನ್ನೆರಡು ಮಂದಿಯೂ ಅದನ್ನೇ ಕುಡಿಯಬಹುದು.