ಮತ್ತೊಬ್ಬರ ಮಾದರಿ, ನಮ್ಮ ಅಳತೆ

ಬೆಳಕಿನ ಪ್ರಯೋಗಗಳಲ್ಲಿ ಮಸೂರವನ್ನು ನೆಟ್ಟಗೆ ನಿಲ್ಲಿಸಲು ಒಂದು ಹಿಡಿಕೆ ಬೇಕು. ಇಂತಹ ಹಿಡಿಕೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಪದರಪದರವಾಗಿ ಮುದ್ರಿಸುವ ಯಂತ್ರಗಳು ಈಗ ಅನೇಕ ಕಾಲೇಜುಗಳಲ್ಲಿವೆ. ಯಂತ್ರಕ್ಕೆ ಬೇಕಾದ ಮಾದರಿಗಳನ್ನು 2008ರಲ್ಲಿ ಆರಂಭವಾದ ಥಿಂಗಿವರ್ಸ್‌ನಂತಹ ಭಂಡಾರಗಳಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅವು ನಮಗಾಗಿ ಮಾಡಿದವುಗಳಲ್ಲ. 40 ಮಿ.ಮೀ. ಮಸೂರಕ್ಕೆಂದು ಒಬ್ಬರು ರಚಿಸಿದ ಹಿಡಿಕೆ ನಮಗೆ ದೊರೆಯಿತೆನ್ನೋಣ. ನಮ್ಮಲ್ಲಿರುವುದೋ 50 ಮಿ.ಮೀ. ಮಸೂರ. ಇಂತಹ ಮಾದರಿಯನ್ನು ಟಿಂಕರ್‌ಕ್ಯಾಡ್ ಎಂಬ ಸಾಧನದಿಂದ ಕತ್ತರಿಸಿ, ಹಿಗ್ಗಿಸಿ, ಕೊರೆದು ನಮ್ಮದಾಗಿ ಮಾಡಿಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನೆನಪಿಲ್ಲದ ಆಕಾರ

ಇಳಿಸಿಕೊಂಡ ಮಾದರಿ ಸಾಮಾನ್ಯವಾಗಿ ಎಸ್.ಟಿ.ಎಲ್. ರೂಪದಲ್ಲಿರುತ್ತದೆ. 1987ರಿಂದ ಬಳಕೆಯಲ್ಲಿರುವ ಈ ರೂಪದಲ್ಲಿ ವಸ್ತುವಿನ ಮೇಲ್ಮೈಯನ್ನು ಚಿಕ್ಕಚಿಕ್ಕ ತ್ರಿಕೋನಗಳಾಗಿ ಒಡೆದು, ಅವುಗಳ ಮೂಲೆಗಳ ಸ್ಥಾನಗಳನ್ನು ಬರೆದಿಟ್ಟಿರುತ್ತಾರೆ. ಇಲ್ಲೊಂದು ತೂತಿದೆ, ಅದರ ವ್ಯಾಸ ಇಷ್ಟು ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಒಣಗಿದ ಮಣ್ಣಿನ ಬೊಂಬೆ ತನ್ನನ್ನು ಹೇಗೆ ತಿದ್ದಿದರೆಂಬುದನ್ನು ತಿಳಿಸಲಾರದು, ಇದೂ ಹಾಗೆಯೇ. ಆದುದರಿಂದ ಒಳಗಿನ ಒಂದು ಅಳತೆಯನ್ನು ಮಾತ್ರ ಬದಲಿಸುವ ಮಾರ್ಗವಿಲ್ಲ. ಇಡಿಯ ಮುದ್ದೆಯನ್ನು ಹಿಗ್ಗಿಸಬಹುದು, ಅದಕ್ಕೆ ಏನನ್ನಾದರೂ ಅಂಟಿಸಬಹುದು, ಅದರಿಂದ ಏನನ್ನಾದರೂ ಕಳೆಯಬಹುದು, ಅಷ್ಟೆ.

ಈ ರೂಪದಲ್ಲಿ ಇನ್ನೂ ಒಂದು ಕೊರತೆಯಿದೆ. ಅದರಲ್ಲಿ ಸಂಖ್ಯೆಗಳಿವೆ, ಮಾನವಿಲ್ಲ. 52 ಎಂದರೆ ಮಿಲಿಮೀಟರೋ ಅಂಗುಲವೋ ಅದು ಹೇಳುವುದಿಲ್ಲ. ಟಿಂಕರ್‌ಕ್ಯಾಡ್‌ನಲ್ಲಿ `Import` ಎಂಬಲ್ಲಿ ಒತ್ತಿ ಮಾದರಿಯನ್ನು ತಂದೊಡನೆ ಅದರ ಹೊರ ಅಳತೆಯನ್ನು ನೋಡುವುದು ಇದಕ್ಕಾಗಿಯೇ. 52 ಮಿ.ಮೀ. ಇರಬೇಕಾದ ಉಂಗುರ 2.05 ಎಂದು ಕಂಡರೆ, ರಚಿಸಿದವರು ಅಂಗುಲಗಳಲ್ಲಿ ಕೆಲಸಮಾಡಿದ್ದರೆಂದು ತಿಳಿಯಬೇಕು. ಆಗ ಎಲ್ಲ ದಿಕ್ಕುಗಳಲ್ಲಿಯೂ 25.4 ಪಟ್ಟು ಹಿಗ್ಗಿಸಿದರೆ ಸರಿಯಾದ ಗಾತ್ರ ಬರುತ್ತದೆ.

ನಮ್ಮ ಉದಾಹರಣೆಯ ಹಿಡಿಕೆ ಹಲಗೆಯ ಮೇಲೆ ಮಲಗಿದೆ. ಉಂಗುರದ ಹೊರವ್ಯಾಸ 52 ಮಿ.ಮೀ., ದಪ್ಪ 12 ಮಿ.ಮೀ. ಮಸೂರ ಕೂರುವ ಕುಳಿಯ ವ್ಯಾಸ 40.5, ಕುಳಿಯ ತಳದಲ್ಲಿ ಮಸೂರ ಜಾರದಂತೆ ತಡೆಯಲು 3 ಮಿ.ಮೀ. ದಪ್ಪದ ಒಂದು ಅಂಚಿದೆ. ಉಂಗುರದಿಂದ 20 ಮಿ.ಮೀ. ಉದ್ದದ ಕಾಂಡ ಹೊರಟು ಒಂದು ಅಗಲವಾದ ಪಾದದಲ್ಲಿ ಮುಗಿಯುತ್ತದೆ. ಪಾದವನ್ನು ಹಾದು ಕಾಂಡದೊಳಕ್ಕೆ 15 ಮಿ.ಮೀ. ಆಳದವರೆಗೆ 6.4 ಮಿ.ಮೀ. ವ್ಯಾಸದ ತೂತೊಂದಿದೆ. ನಮಗೆ ಪಾದ ಬೇಡ. ನಮ್ಮ ಪೀಠದ 6 ಮಿ.ಮೀ. ಸಲಾಕೆಯ ಮೇಲೆ ಕಾಂಡ ನೇರವಾಗಿ ಕೂರಬೇಕು.

ಕತ್ತರಿಸುವುದೆಂದರೆ ಕಳೆಯುವುದು

ಟಿಂಕರ್‌ಕ್ಯಾಡ್‌ನಲ್ಲಿ ಕತ್ತರಿಯೂ ಇಲ್ಲ, ಗರಗಸವೂ ಇಲ್ಲ. ಪ್ರತಿಯೊಂದು ಆಕಾರಕ್ಕೂ `Solid` ಮತ್ತು `Hole` ಎಂಬ ಎರಡು ಸ್ಥಿತಿಗಳಿವೆ. ಮೊದಲನೆಯದು ಘನ, ಎರಡನೆಯದು ಶೂನ್ಯ. ಒಂದು ಘನವನ್ನೂ ಒಂದು ಶೂನ್ಯವನ್ನೂ ಒಟ್ಟಿಗೆ ಆರಿಸಿ `Group` ಮಾಡಿದರೆ, ಶೂನ್ಯವು ಆವರಿಸಿದಷ್ಟು ಭಾಗ ಘನದಿಂದ ಮಾಯವಾಗುತ್ತದೆ. ಕತ್ತರಿಸುವುದೂ ಕೊರೆಯುವುದೂ ಇಲ್ಲಿ ಒಂದೇ ಕ್ರಿಯೆ. ಶೂನ್ಯದ ಆಕಾರ ಮಾತ್ರ ಬೇರೆ.

ಪಾದವನ್ನು ತೆಗೆಯಲು ಒಂದು `Box` ಅನ್ನು ತಂದು ಶೂನ್ಯವಾಗಿಸಿ, ಪಾದ ಪೂರ್ಣವಾಗಿ ಮುಳುಗುವಂತೆ ಇಡುತ್ತೇವೆ. ಅದರ ಒಂದು ಮುಖ ಮಾತ್ರ ಕಾಂಡವೂ ಪಾದವೂ ಕೂಡುವ ಗೆರೆಯ ಮೇಲೆ ನಿಖರವಾಗಿ ನಿಲ್ಲಬೇಕು. ಉಳಿದ ಎಲ್ಲ ಮುಖಗಳೂ ಪಾದದಿಂದ ಹೊರಕ್ಕೆ ಚಾಚಿರಬೇಕು. ಹಿಡಿಕೆಯ ದಪ್ಪ 12 ಮಿ.ಮೀ. ಆದ್ದರಿಂದ ಪೆಟ್ಟಿಗೆಯ ಎತ್ತರವನ್ನು 14 ಮಾಡಿ, ಹಲಗೆಯ ಮಟ್ಟಕ್ಕಿಂತ 1 ಮಿ.ಮೀ. ಕೆಳಗಿನಿಂದ ಆರಂಭವಾಗುವಂತೆ ಇಳಿಸುತ್ತೇವೆ. ಈ ಹೆಚ್ಚುವರಿ ಏಕೆ? ಎರಡು ಮುಖಗಳು ಒಂದೇ ಸಮತಲದಲ್ಲಿ ಬಿದ್ದರೆ, ಆ ಸಮತಲ ಒಳಗೋ ಹೊರಗೋ ಎಂಬುದು ಲೆಕ್ಕದ ಅತಿ ಸಣ್ಣ ವ್ಯತ್ಯಾಸಗಳಿಗೆ ಸಿಕ್ಕಿಕೊಳ್ಳುತ್ತದೆ. ಆಗ ಕಾಗದಕ್ಕಿಂತ ತೆಳುವಾದ ಪೊರೆಯೊಂದು ಉಳಿದುಬಿಡಬಹುದು. ಕತ್ತರಿಸಿದ ಜಾಗದಲ್ಲಿ ಮಿನುಗುವ ಹಾಳೆಯಂತಹುದು ಕಂಡರೆ ಈ ದೋಷವಾಗಿದೆಯೆಂದು ಅರಿಯಬೇಕು. `Ungroup` ಮಾಡಿದರೆ ಪೆಟ್ಟಿಗೆ ಮರಳಿ ಬರುತ್ತದೆ; ಅದನ್ನು ಸ್ವಲ್ಪ ಹೊರಕ್ಕೆ ಚಾಚಿ ಪುನಃ ಕೂಡಿಸಬಹುದು.

ಹಿಗ್ಗಿದ್ದು ಯಾವುದು?

ಈಗ ಹಿಗ್ಗಿಸುವ ಕೆಲಸ. 40ರಿಂದ 50ಕ್ಕೆ ಹೋಗಲು ಪ್ರಮಾಣ 1.25. `Shift` ಕೀಲಿಯನ್ನು ಒತ್ತಿ ಹಿಡಿದು ಮಾದರಿಯ ಮೂಲೆಯನ್ನು ಎಳೆದರೆ ಮೂರು ಆಯಾಮಗಳೂ ಒಂದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಆದರೆ ಇದು ನಮಗೆ ಬೇಕಾದುದೇ? 1.25ರ ಘನ ಸುಮಾರು 1.95. ಎಂದರೆ ವ್ಯಾಸ ಕಾಲುಭಾಗ ಹೆಚ್ಚುವುದಕ್ಕೆ ಪ್ಲಾಸ್ಟಿಕ್ಕು ಹೆಚ್ಚುಕಡಿಮೆ ಎರಡರಷ್ಟು ಬೇಕಾಗುತ್ತದೆ. ಉದ್ದ ಬೆಳೆದಂತೆ ಗಾತ್ರ ಅದರ ಘನದಂತೆ ಬೆಳೆಯುತ್ತದೆಂಬ ಈ ನಿಯಮವನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದಾನೆ. ನಮ್ಮ ಮಸೂರ ಅಗಲವಾಗಿದೆಯೇ ಹೊರತು ಅದರ ಅಂಚು ಅಷ್ಟಾಗಿ ದಪ್ಪವಾಗಿಲ್ಲ. ಹಿಡಿಕೆಯ ದಪ್ಪ ಬೆಳೆಯಬೇಕಾದ ಕಾರಣವಿಲ್ಲ. ಹೀಗಾಗಿ ಉದ್ದ ಅಗಲಗಳನ್ನು ಮಾತ್ರ ಹಿಗ್ಗಿಸೋಣ. ಪಾದ ಹೋದ ಮೇಲೆ ಮಾದರಿಯ ಅಗಲ 52, ಉದ್ದ 72. ಅಳತೆಯ ಚೌಕಗಳಲ್ಲಿ ಕ್ರಮವಾಗಿ 65 ಮತ್ತು 90 ಎಂದು ಬರೆದು, ದಪ್ಪವನ್ನು 12ಕ್ಕೇ ಬಿಡುತ್ತೇವೆ. ಪ್ಲಾಸ್ಟಿಕ್ಕು ಈಗ 1.56ರಷ್ಟು ಮಾತ್ರ.

ಈ ಉಳಿತಾಯಕ್ಕೆ ತೆರಬೇಕಾದ ಬೆಲೆಯೊಂದಿದೆ. ಕಾಂಡದ ತೂತಿನ ಬಾಯನ್ನು ಎದುರಿನಿಂದ ನೋಡಿರಿ. ಅದರ ಅಡ್ಡಳತೆ ಅಗಲದ ದಿಕ್ಕಿನಲ್ಲಿದೆ, ಅದು 6.4ರಿಂದ 8ಕ್ಕೆ ಬೆಳೆಯಿತು. ಎತ್ತರವು ದಪ್ಪದ ದಿಕ್ಕಿನಲ್ಲಿದೆ, ಅದು 6.4 ಆಗಿಯೇ ಉಳಿಯಿತು. ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ತಿರುಗಿತು! ಅದರಲ್ಲಿ ಸಲಾಕೆ ಅಡ್ಡಡ್ಡಲಾಗಿ ಅಲುಗಾಡುತ್ತದೆ, ಮಸೂರದ ಅಕ್ಷ ಅದರೊಡನೆ ಸರಿಯುತ್ತದೆ. ಮೂರು ಆಯಾಮಗಳನ್ನೂ ಹಿಗ್ಗಿಸಿದ್ದರೆ ತೂತು ದುಂಡಗೇನೋ ಇರುತ್ತಿತ್ತು, ಆದರೆ 8 ಮಿ.ಮೀ. ಆಗಿರುತ್ತಿತ್ತು. ಮಸೂರ ದೊಡ್ಡದಾಯಿತೆಂದು ಸಲಾಕೆ ದಪ್ಪವಾಗುವುದಿಲ್ಲ. ಹೊರಗಿನ ವಸ್ತುವೊಂದಕ್ಕೆ ಹೊಂದಬೇಕಾದ ಅಳತೆಗಳು ಯಾವುವು ಎಂಬುದನ್ನು ಹಿಗ್ಗಿಸುವ ಮೊದಲೇ ಪಟ್ಟಿಮಾಡಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ಮುಚ್ಚಿ ಕೊರೆಯುವುದು

ಮುದ್ದೆಯೊಳಗಿನ ತೂತನ್ನು ಕಿರಿದುಮಾಡಲಾಗದಿದ್ದರೂ ಮುಚ್ಚಬಹುದು. 10 ಮಿ.ಮೀ. ಅಗಲ, 10 ಮಿ.ಮೀ. ಎತ್ತರ, 20 ಮಿ.ಮೀ. ಉದ್ದದ ಘನ ಪೆಟ್ಟಿಗೆಯೊಂದನ್ನು ಬೆಣೆಯಂತೆ ಕಾಂಡದೊಳಗೆ, ಅದರ ತುದಿಯಿಂದ ಒಳಮುಖವಾಗಿ ಇಡುತ್ತೇವೆ. ಹಳೆಯ ತೂತಿನ ಆಳ ಹಿಗ್ಗಿದ ಮೇಲೆ 18.75, ಆದ್ದರಿಂದ ಬೆಣೆ ಅದನ್ನು ಪೂರ್ಣವಾಗಿ ನುಂಗುತ್ತದೆ. ಕಾಂಡದ ಉದ್ದ ಈಗ 25. ಆದ್ದರಿಂದ ಬೆಣೆ ಮಸೂರದ ಕುಳಿಯವರೆಗೆ ಹೋಗುವುದೂ ಇಲ್ಲ. `Align` ಸಾಧನದಲ್ಲಿ ಹಿಡಿಕೆಯನ್ನು ಆಧಾರವಾಗಿ ಆರಿಸಿದರೆ ಅದು ಕದಲದೆ, ಬೆಣೆ ಮಾತ್ರ ಅಗಲದಲ್ಲಿಯೂ ದಪ್ಪದಲ್ಲಿಯೂ ಸರಿಯಾಗಿ ನಡುವಿಗೆ ಬರುತ್ತದೆ. ಎರಡನ್ನೂ ಕೂಡಿಸಿದಾಗ ತೂತಿಲ್ಲದ ಕಾಂಡ ಸಿದ್ಧ. ಬಳಿಕ 6.4 ಮಿ.ಮೀ. ವ್ಯಾಸದ `Cylinder` ಅನ್ನು ಮಲಗಿಸಿ, ಶೂನ್ಯವಾಗಿಸಿ, 18 ಮಿ.ಮೀ. ಒಳಗೂ 1 ಮಿ.ಮೀ. ಹೊರಗೂ ಇರುವಂತೆ ಇಟ್ಟು ಕಳೆಯುತ್ತೇವೆ. ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಮೊದಲು ಕೊರೆದು, ಕೂಡಿಸಿ, ಆಮೇಲೆ ಬೆಣೆಯಿಟ್ಟರೆ, ಬೆಣೆಯು ಹೊಸ ತೂತನ್ನೂ ಮುಚ್ಚಿಬಿಡುತ್ತದೆ.

ವೃತ್ತವಲ್ಲದ ವೃತ್ತ

ಇನ್ನು ಕುಳಿಯ ಲೆಕ್ಕ. 40.5ರ ಕುಳಿ ಹಿಗ್ಗಿ 50.6ಕ್ಕಿಂತ ಕೊಂಚ ಹೆಚ್ಚಾಗಿದೆ. ಮಸೂರಕ್ಕೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸಡಿಲ ಸಿಕ್ಕಿತೆಂದು ನಾವು ಸಮಾಧಾನಪಡಬಹುದು. ಆದರೆ ತ್ರಿಕೋನಗಳಿಂದ ಮಾಡಿದ ಮಾದರಿಯಲ್ಲಿ ವೃತ್ತವೆಂಬುದು ಇರಲಾರದು, ಅಲ್ಲಿರುವುದು ಬಹುಭುಜ. ಅದರ ಮೂಲೆಗಳು ವೃತ್ತದ ಮೇಲಿದ್ದರೆ, ಚಪ್ಪಟೆ ಬದಿಗಳ ನಡುಭಾಗ ವೃತ್ತದ ಒಳಗೆ ಬರುತ್ತದೆ. ವ್ಯಾಸ D, ಬದಿಗಳ ಸಂಖ್ಯೆ ಸಮಸಂಖ್ಯೆಯಾದ n ಆದಾಗ, ಎದುರುಬದುರಿನ ಬದಿಗಳ ನಡುವಣ ದೂರ

D × cos(180°/n)

ಟಿಂಕರ್‌ಕ್ಯಾಡ್‌ನ ಸಿಲಿಂಡರಿಗೆ ನಾವು ಬದಲಿಸದಿದ್ದರೆ 20 ಬದಿಗಳಿರುತ್ತವೆ. ರಚಿಸಿದವರು ಅದನ್ನೇ ಬಳಸಿದ್ದರೆ 50.625ನ್ನು cos 9°, ಎಂದರೆ 0.9877ರಿಂದ ಗುಣಿಸಬೇಕು. ಬರುವ ಉತ್ತರ 50.0. ಸಡಿಲವೆಂದುಕೊಂಡದ್ದೆಲ್ಲ ಕರಗಿಹೋಯಿತು! ಮೂಲದ ಕುಳಿಯೂ ಹೀಗೆಯೇ ಬಿಗಿಯಾಗಿದ್ದಿರಬೇಕು. ಹಿಗ್ಗಿಸುವುದರಿಂದ ಬದಿಗಳ ಸಂಖ್ಯೆ ಹೆಚ್ಚುವುದಿಲ್ಲ. ಮಾದರಿಯ ಗುಣದಂತೆ ಅದರ ದೋಷವೂ ಜೊತೆಯಲ್ಲಿಯೇ ಬೆಳೆಯುತ್ತದೆ. ಕುಳಿಯ ಗೋಡೆಯಲ್ಲಿ ಬದಿಗಳು ಕಣ್ಣಿಗೆ ಎದ್ದು ಕಾಣುತ್ತಿದ್ದರೆ ಅವನ್ನು ಎಣಿಸಿ ನೋಡುವುದು ಒಳ್ಳೆಯದು.

ಪರಿಹಾರ ಸುಲಭ. 50.6 ಮಿ.ಮೀ. ವ್ಯಾಸದ ಮತ್ತೊಂದು ಸಿಲಿಂಡರನ್ನು ತಂದು, `Sides` ಎಂಬುದನ್ನು 64ಕ್ಕೆ ಏರಿಸಿ, ಶೂನ್ಯವಾಗಿಸಿ, ಕುಳಿಯ ಕೇಂದ್ರದಲ್ಲಿಟ್ಟು ಮತ್ತೆ ಕೊರೆಯುತ್ತೇವೆ. ಆಗ ಬದಿಯಿಂದ ಬದಿಗೆ 50.54 ದೊರೆಯುತ್ತದೆ. ತಳದ 3 ಮಿ.ಮೀ. ಅಂಚು ಉಳಿಯಬೇಕಾದುದರಿಂದ ಈ ಸಿಲಿಂಡರು ಹಲಗೆಯಿಂದ 3 ಮಿ.ಮೀ. ಎತ್ತರದಲ್ಲಿ ಆರಂಭವಾಗಿ, ಮೇಲ್ಮೈಯನ್ನು ದಾಟಿ 13ರವರೆಗೆ ಹೋಗಬೇಕು. ಅದನ್ನು ಹಲಗೆಯ ಮೇಲೆಯೇ ಬಿಟ್ಟರೆ ಅಂಚೂ ಹೋಗಿ, ಮಸೂರ ಆಚೆಗೆ ಉರುಳಿಬೀಳುತ್ತದೆ. ಸಲಾಕೆಯ ತೂತಿಗೂ 64 ಬದಿಗಳನ್ನೇ ಕೊಡುವುದು ಲೇಸು.

ಮುದ್ರಿಸುವ ಮುನ್ನ

ಕರಗಿದ ಪ್ಲಾಸ್ಟಿಕ್ಕನ್ನು ಎಳೆಯಾಗಿ ಸುರಿಯುವ ಯಂತ್ರಗಳಲ್ಲಿ ತೂತುಗಳು ಲೆಕ್ಕಕ್ಕಿಂತ ಸ್ವಲ್ಪ ಕಿರಿದಾಗಿ ಬರುವುದು ಸಾಮಾನ್ಯ. ಎಷ್ಟು ಕಿರಿದೆಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಇದನ್ನು ತಿಳಿಯಲು ಇಡೀ ಹಿಡಿಕೆಯನ್ನು ಮುದ್ರಿಸಬೇಕಾಗಿಲ್ಲ. ಸಿದ್ಧವಾದ ಮಾದರಿಯ ಪ್ರತಿಯೊಂದನ್ನು ಮಾಡಿ, ಮೊದಲಿನಂತೆಯೇ ಎರಡು ಶೂನ್ಯ ಪೆಟ್ಟಿಗೆಗಳಿಂದ ಮೇಲೆ ಕೆಳಗೆ ಕತ್ತರಿಸಿ, ಕುಳಿಯ ಎತ್ತರದಲ್ಲಿ 2 ಮಿ.ಮೀ. ದಪ್ಪದ ಹೋಳನ್ನು ಉಳಿಸಿಕೊಳ್ಳುತ್ತೇವೆ. ಆ ತೆಳುವಾದ ಬಳೆಯನ್ನು ಹಲಗೆಗೆ ಇಳಿಸಿ ಮುದ್ರಿಸಿ, ಅದರಲ್ಲಿ ಮಸೂರವನ್ನು ಇಟ್ಟು ನೋಡಿದರೆ ಸಾಕು. ಬಿಗಿಯಾದರೆ ಸಿಲಿಂಡರಿನ ವ್ಯಾಸವನ್ನು 0.2 ಹೆಚ್ಚಿಸಿ ಇನ್ನೊಂದು ಬಳೆ. ಗಾಜನ್ನು ಬಲದಿಂದ ಒತ್ತಿ ಕೂರಿಸುವ ಗೋಜಿಗೆ ಹೋಗಬಾರದು.

ಕೊನೆಯದಾಗಿ, ಮೂಲಮಾದರಿಗೆ ಒಬ್ಬ ಕರ್ತೃವಿದ್ದಾನೆಂಬುದನ್ನು ಮರೆಯಲಾಗದು. ಭಂಡಾರದಲ್ಲಿ ಪ್ರತಿ ಮಾದರಿಯೊಡನೆ ಅದರ ಅನುಮತಿಯ ನಿಬಂಧನೆಗಳಿರುತ್ತವೆ. ಕ್ರಿಯೇಟಿವ್ ಕಾಮನ್ಸ್ ಅನುಮತಿಯಲ್ಲಿ `BY` ಎಂದಿದ್ದರೆ ಕರ್ತೃವಿನ ಹೆಸರನ್ನು ಹೇಳಿ, ನಾವು ಮಾಡಿದ ಬದಲಾವಣೆಯನ್ನು ಸೂಚಿಸಿ ಹಂಚಬಹುದು. `ND` ಎಂದಿದ್ದರೆ ತಿದ್ದಿದ ರೂಪವನ್ನು ಇತರರಿಗೆ ಹಂಚುವಂತಿಲ್ಲ. ಹಂಚುವಾಗ ಪಾದವನ್ನು ತೆಗೆದದ್ದು, 1.25ರ ಪ್ರಮಾಣ, ದಪ್ಪ ಬದಲಾಗದಿರುವುದು, ಹೊಸ ತೂತುಗಳ ವ್ಯಾಸ, ಇಷ್ಟನ್ನು ಜೊತೆಯಲ್ಲಿ ಬರೆದಿಡಬೇಕು. ಎಸ್.ಟಿ.ಎಲ್. ಇದೊಂದನ್ನೂ ನೆನಪಿಟ್ಟುಕೊಳ್ಳದು, ಅದನ್ನು 60 ಮಿ.ಮೀ. ಮಸೂರಕ್ಕೆ ತಿದ್ದಲು ಹೊರಡುವ ಮುಂದಿನವರಿಗೆ ಆಗ ಆಧಾರವಾಗುವುದು ಆ ನಾಲ್ಕು ಸಾಲುಗಳೇ.